ಬಡ್ಡಿಯಿಲ್ಲದ 5 ಲಕ್ಷ: ಒಂದು ಕಾರು, ಎರಡು ಮನೆ

ನಾನು ಶಿವಮೊಗ್ಗದ ಒಂದು ಸಹಕಾರಿ ಬ್ಯಾಂಕಿನಲ್ಲಿ 18 ವರ್ಷದಿಂದ ಸಾಲದ ಕಡತ ನೋಡುತ್ತಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಮ್ಮ ಬ್ಯಾಂಕಿಗೆ ಬಾರದೇ ಹೋದ ಒಂದು ಸಾಲದ ಕಥೆ. ಇದರಲ್ಲಿ ಬರುವ ಮೇಷ್ಟ್ರು ನನ್ನ ಹಳೇ ಗೆಳೆಯ. ಅವರ ಅಕ್ಕ-ಭಾವ ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟ ಇದೆ. ಎರಡೂ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕಿಲ್ಲ.

ಮೇಷ್ಟ್ರಿಗೆ ಕೈಗೆ ಬರುವ ಸಂಬಳ 58,000 ರೂಪಾಯಿ. ಮನೆ ಸಾಲದ ಕಂತು, ಮಗಳ ಫೀಸು, ತಾಯಿಯ ಔಷಧಿ ಎಲ್ಲಾ ಕಳೆದು ತಿಂಗಳಿಗೆ ಹದಿನೈದು ಸಾವಿರದಷ್ಟು ಉಳಿಯುತ್ತಿತ್ತು. ಉಳಿತಾಯ ಖಾತೆಯಲ್ಲಿ ಒಂದೂವರೆ ಲಕ್ಷ, ಎಫ್‌ಡಿಯಲ್ಲಿ 6 ಲಕ್ಷ ಇತ್ತು. ಆ 6 ಲಕ್ಷ ಮಗಳ ಕಾಲೇಜಿಗೆ ಅಂತ ಇಟ್ಟದ್ದು.

ನೋಡಿದ ಕಾರಿನ ಷೋರೂಮ್ ಬೆಲೆ 7,60,000. ನಮ್ಮ ರಾಜ್ಯದಲ್ಲಿ ರಸ್ತೆ ತೆರಿಗೆ ಜಾಸ್ತಿ. ಈ ಬೆಲೆಯ ಕಾರಿಗೆ ಸೆಸ್ ಸೇರಿ ನೂರಕ್ಕೆ ಹದಿನೈದು ದಾಟುತ್ತದೆ. ತೆರಿಗೆ 1,18,000 ಆಯಿತು. ವಿಮೆ, ನೋಂದಣಿ, ಅದು ಇದು ಸೇರಿ ಕಾರು ರಸ್ತೆಗೆ ಇಳಿಯುವ ಹೊತ್ತಿಗೆ 9,20,000.

ಒಂದು ಬ್ಯಾಂಕಿನವರು 7 ಲಕ್ಷ ಸಾಲ ಕೊಡುತ್ತೇವೆ ಅಂದಿದ್ದರು. ಬಡ್ಡಿ ಶೇ. 9, ಅವಧಿ 5 ವರ್ಷ, ತಿಂಗಳ ಕಂತು 14,531 ರೂಪಾಯಿ. ಮೇಷ್ಟ್ರು ಅದನ್ನು 60ರಿಂದ ಗುಣಿಸಿದರು. ಬಡ್ಡಿ ಒಂದೇ 1,71,000 ದಾಟಿತು. "ಒಂದೂಮುಕ್ಕಾಲು ಲಕ್ಷ ಸುಮ್ನೆ ಬ್ಯಾಂಕಿಗೆ ಯಾಕೆ ಕೊಡಬೇಕು ಹೇಳು?" ಅಂತ ನನ್ನನ್ನೇ ಕೇಳಿದರು. ನಾನು ಆಗ ಸರಿಯಾಗಿ ಉತ್ತರ ಕೊಡಲಿಲ್ಲ. ಬ್ಯಾಂಕಿನವನು ಬ್ಯಾಂಕಿನ ಪರ ಮಾತಾಡಿದ ಹಾಗೆ ಆಗುತ್ತೆ ಅಂತ ಸುಮ್ಮನಾದೆ. ಅದು ತಪ್ಪಾಯಿತು.

ಸಂಕ್ರಾಂತಿಗೆ ಅಕ್ಕನ ಮನೆಗೆ ಹೋದಾಗ ಮಾತು ಬಂತು. ಭಾವನ ಹಿಂದಿನ ವರ್ಷದ ಅಡಿಕೆ ದುಡ್ಡು 5 ಲಕ್ಷ ಎಫ್‌ಡಿಯಲ್ಲಿ ಶೇ. 7ಕ್ಕೆ ಇತ್ತು. "ನಮ್ಮಲ್ಲೇ ಇರುವಾಗ ಬ್ಯಾಂಕಿಗೆ ಯಾಕೆ ಹೋಗ್ತೀಯ ಮಾರಾಯ, ತಗೊಂಡು ಹೋಗು" ಅಂದರು ಭಾವ. ಬಡ್ಡಿಯ ಮಾತು ಬರಲೇ ಇಲ್ಲ. "ತಿಂಗಳಿಗೆ ಹತ್ತೋ ಹದಿನೈದೋ ಸಾವಿರ ಕೊಡ್ತಾ ಬರ್ತೀನಿ ಭಾವ" ಅಂದರು ಮೇಷ್ಟ್ರು. "ಆಯ್ತು, ಅವಸರ ಏನಿಲ್ಲ" ಅಂದರು ಭಾವ. ಒಪ್ಪಂದ ಅಂದರೆ ಇಷ್ಟೇ. ಹತ್ತೋ ಹದಿನೈದೋ, ಯಾವ ತಾರೀಕಿಗೆ, ಎಷ್ಟು ವರ್ಷ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಭಾವನ 5 ಲಕ್ಷ ಬಂತು. ಮೇಷ್ಟ್ರು ತಮ್ಮ ಎಫ್‌ಡಿಯಲ್ಲಿ 3 ಲಕ್ಷ ಮುರಿದರು. ಅವಧಿಗೆ ಮೊದಲೇ ಮುರಿದದ್ದಕ್ಕೆ ಬಡ್ಡಿ ಒಂದಿಷ್ಟು ಕಡಿಮೆ ಬಂತು. ಉಳಿತಾಯ ಖಾತೆಯಿಂದ 1,20,000 ತೆಗೆದರು. ಕಾರು ಬಂತು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿಲ್ಲ, ಒಂದು ಪೈಸೆ ಬಡ್ಡಿಯಿಲ್ಲ. ಖಾತೆಯಲ್ಲಿ ಉಳಿದದ್ದು 30,000.

ಮೊದಲ ಎರಡು ತಿಂಗಳು ಮೇಷ್ಟ್ರು ತಲಾ 15,000 ಭಾವನ ಖಾತೆಗೆ ಹಾಕಿದರು. ಮಾರ್ಚ್ ಕೊನೆಗೆ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ನು, ಓಡಾಟ ಎಲ್ಲ ಸೇರಿ 85,000 ಖರ್ಚಾಯಿತು. ಆ ಒಂದೂವರೆ ಲಕ್ಷ ಖಾತೆಯಲ್ಲೇ ಇದ್ದಿದ್ದರೆ ಇದು ಅದರಲ್ಲೇ ಮುಗಿಯುತ್ತಿತ್ತು. ಈಗ ಇದ್ದ 30,000 ಹೋಯಿತು, ಉಳಿದದ್ದಕ್ಕೆ ಮುಂದಿನ ಮೂರ್ನಾಲ್ಕು ತಿಂಗಳ ಉಳಿಕೆಯೆಲ್ಲಾ ಹೋಯಿತು. ಅಂದರೆ ಭಾವನಿಗೆ ಹೋಗಬೇಕಾಗಿದ್ದ ಕಂತು ಆಸ್ಪತ್ರೆಗೆ ಹೋಯಿತು. ಏಪ್ರಿಲ್, ಮೇ, ಜೂನ್ ಏನೂ ಕೊಡಲಾಗಲಿಲ್ಲ.

ನನ್ನ ಕೆಲಸದಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಜನ ಉಳಿತಾಯದ ದುಡ್ಡು, ನೆಂಟರ ದುಡ್ಡು ಎರಡನ್ನೂ ಬೇರೆ ಬೇರೆ ಅಂದುಕೊಳ್ಳುತ್ತಾರೆ. ಬಡ್ಡಿ ಉಳಿಸೋಣ ಅಂತ ಉಳಿತಾಯವನ್ನು ಪೂರ್ತಿ ಬಳಿದು ಹಾಕುತ್ತಾರೆ. ಆಮೇಲೆ ಮನೆಯಲ್ಲಿ ಏನಾದರೂ ಆದರೆ ಮೊದಲು ನಿಲ್ಲುವುದು ಯಾರ ಕಂತು? ಬ್ಯಾಂಕಿನದಂತೂ ಅಲ್ಲ, ಅದು ತಾರೀಕಿಗೆ ಸರಿಯಾಗಿ ಖಾತೆಯಿಂದ ಕಟ್ ಆಗುತ್ತದೆ. ಮೇಷ್ಟ್ರ ಮನೆ ಸಾಲದ ಕಂತು ಆ ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. ತಪ್ಪಿದ್ದು ಭಾವನದು ಮಾತ್ರ, ಯಾಕೆಂದರೆ ಭಾವ ಕೇಳುವುದಿಲ್ಲ.

ಮೇ ತಿಂಗಳಲ್ಲಿ ಮೇಷ್ಟ್ರ ಮನೆಯವರು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಸುತ್ತಿ ಬಂದರು. ತಾಯಿ ಎದ್ದು ನಡೆಯಲಿ ಅಂತ ಹೊತ್ತ ಹರಕೆ ಅದು. ಮಗಳು ಕಾರಿನ ಮುಂದೆ ನಿಂತ ಫೋಟೋಗಳನ್ನು ಸ್ಟೇಟಸ್‌ಗೆ ಹಾಕಿದಳು. ಒಟ್ಟು ಖರ್ಚು ಏಳು ಸಾವಿರವೂ ಇರಲಿಲ್ಲ. ಆದರೆ ತೀರ್ಥಹಳ್ಳಿಯಲ್ಲಿ ಅದನ್ನು ನೋಡಿದವರಿಗೆ ಹರಕೆ ಕಾಣಲಿಲ್ಲ, ಕಾರು ಕಂಡಿತು. ಎರಡು ತಿಂಗಳಿಂದ ದುಡ್ಡು ಬಂದಿಲ್ಲ, ಇವರು ತಿರುಗಾಡುತ್ತಿದ್ದಾರೆ. ಭಾವ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಕ್ಕ ಫೋನಿನಲ್ಲಿ "ಸುತ್ತಾಟ ಜೋರಾ?" ಅಂತ ಕೇಳಿದರಂತೆ. ಮೇಷ್ಟ್ರ ಹೆಂಡತಿಗೆ ಆ ಮಾತು ಚುಚ್ಚಿತು.

ಕಾರಿಗೆ ಕೊಟ್ಟ ಸಾಲದಲ್ಲಿ ಈ ಒಂದು ತೊಂದರೆ ಇದೆ. ಮದುವೆಗೋ ಆಸ್ಪತ್ರೆಗೋ ಕೊಟ್ಟ ದುಡ್ಡು ಖರ್ಚಾಗಿ ಹೋಗುತ್ತದೆ, ಆಮೇಲೆ ಕಣ್ಣಿಗೆ ಬೀಳುವುದಿಲ್ಲ. ಕಾರು ಹಾಗಲ್ಲ. ಪ್ರತಿ ಮದುವೆಗೆ, ಪ್ರತಿ ತಿಥಿಗೆ ಸಾಲ ಕೊಟ್ಟವರ ಅಂಗಳಕ್ಕೇ ಬಂದು ನಿಲ್ಲುತ್ತದೆ.

ಜುಲೈನಲ್ಲಿ ಭಾವ ಕಾರು ಕೇಳಿದರು. ಅವರ ತಾಯಿಯನ್ನು ತಿಂಗಳಿಗೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಮೇಷ್ಟ್ರು ತಾವೇ ಗಾಡಿ ತೆಗೆದುಕೊಂಡು ಹೋದರು. ಎರಡನೇ ತಿಂಗಳೂ ಹೋದರು. ಮೂರನೇ ತಿಂಗಳು ಶಾಲೆಗೆ ರಜೆ ಸಿಗಲಿಲ್ಲ, ಆಗಲ್ಲ ಅಂದರು. "ನಮ್ಮ ದುಡ್ಡಲ್ಲಿ ತಗೊಂಡ ಗಾಡಿ, ನಮಗೇ ಇಲ್ಲ" ಅನ್ನುವ ಮಾತು ಅಲ್ಲಿ ಹುಟ್ಟಿತು. "ಕಾರು ನಮ್ಮದಾ ಅವರದಾ?" ಅನ್ನುವ ಮಾತು ಇಲ್ಲಿ ಹುಟ್ಟಿತು. ಇಬ್ಬರ ಮಾತೂ ನ್ಯಾಯವೇ. ಬಡ್ಡಿ ಇಷ್ಟು ಅಂತ ಮೊದಲೇ ಮಾತಾಗಿದ್ದರೆ ಅದು ಕೊಟ್ಟರೆ ಮುಗಿಯುತ್ತಿತ್ತು. ಬಡ್ಡಿ ಇಲ್ಲ ಅಂದಾಗ ಅದರ ಬದಲು ಏನು, ಎಷ್ಟು ಅನ್ನುವುದಕ್ಕೆ ಅಳತೆಯೇ ಇರುವುದಿಲ್ಲ.

ಗೌರಿ ಹಬ್ಬ ಬಂತು. ಪ್ರತಿ ವರ್ಷದಂತೆ ಮೇಷ್ಟ್ರು ಅಕ್ಕನಿಗೆ ಮೊರದ ಬಾಗಿನ ತೆಗೆದುಕೊಂಡು ಹೋದರು. ಜೊತೆಗೆ ಒಂದು ಕವರಿನಲ್ಲಿ 20,000 ನಗದು ಇಟ್ಟು ಅಕ್ಕನ ಕೈಗೆ ಕೊಟ್ಟರು. ಭಾವ ತೋಟದಲ್ಲಿದ್ದರು. ಮೇಷ್ಟ್ರ ಮನಸ್ಸಿನಲ್ಲಿ ಅದು ಸಾಲದ ಲೆಕ್ಕ. ಮನೆಗೆ ಬಂದು ಡೈರಿಯಲ್ಲಿ "ಅಕ್ಕನ ಕೈಗೆ 20,000" ಅಂತ ಬರೆದುಕೊಂಡರು. ಅಕ್ಕನಿಗೆ ಅದು ತವರಿನಿಂದ ಬಂದ ದುಡ್ಡು. ಹಿಂದಿನ ವರ್ಷ ಎರಡು ಸಾವಿರ ಕೊಟ್ಟಿದ್ದ ತಮ್ಮ ಈ ಸಲ ಇಪ್ಪತ್ತು ಸಾವಿರ ಕೊಟ್ಟಾಗ, ಭಾವ ಮಾಡಿದ ಉಪಕಾರಕ್ಕೆ ಅಂತ ಕೊಟ್ಟಿದ್ದಾನೆ ಅಂದುಕೊಂಡರು. ಒಂದು ಸೀರೆ ತೆಗೆದುಕೊಂಡರು, ಉಳಿದದ್ದಕ್ಕೆ ಒಂದು ಜೊತೆ ಓಲೆ ಮಾಡಿಸಿದರು. ಗಂಡನಿಗೂ "ತಮ್ಮ ಬಾಗಿನಕ್ಕೆ ಕೊಟ್ಟ" ಅಂತಲೇ ಹೇಳಿದರು.

ಆಮೇಲೆ ಅಕ್ಟೋಬರಿನಲ್ಲಿ 15,000, ಡಿಸೆಂಬರಿನಲ್ಲಿ 20,000 ಖಾತೆಗೆ ಹೋಯಿತು. ಜುಲೈನಲ್ಲೂ 10,000 ಹಾಕಿದ್ದರು. ಹೀಗೆ ವರ್ಷ ಕಳೆಯಿತು.

ಮುಂದಿನ ಮಾರ್ಚಿನಲ್ಲಿ ಭಾವನ ತೋಟದ ಬಾವಿ ಬತ್ತಿತು. ಬೇಸಿಗೆಯಲ್ಲಿ ನೀರು ತಪ್ಪಿದರೆ ಅಡಿಕೆ ಮರ ಸೋಲುತ್ತದೆ, ಹಿಂಗಾರ ಒಣಗುತ್ತದೆ. ಅದಕ್ಕೆ ಕಾಯುವ ಮಾತಿಲ್ಲ. ಬೋರ್‌ವೆಲ್, ಮೋಟರು, ಪೈಪು ಎಲ್ಲ ಸೇರಿ 4 ಲಕ್ಷ ಬೇಕಾಯಿತು. ಭಾವ ಮೊದಲ ಸಲ ಬಾಯಿಬಿಟ್ಟು ಕೇಳಿದರು. ಮೇಷ್ಟ್ರ ಹತ್ತಿರ ಇದ್ದದ್ದು ಮಗಳ ಕಾಲೇಜಿನ 3 ಲಕ್ಷದ ಎಫ್‌ಡಿ ಒಂದೇ. ಸ್ವಲ್ಪ ಟೈಮ್ ಕೊಡಿ ಭಾವ ಅಂದರು. ಭಾವ ಮಂಡಿಗೆ ಹೋಗಿ ಒಂದೂವರೆ ರೂಪಾಯಿ ಬಡ್ಡಿಗೆ 4 ಲಕ್ಷ ಎತ್ತಿದರು. ನಮ್ಮ ಕಡೆ ಒಂದೂವರೆ ರೂಪಾಯಿ ಅಂದರೆ ನೂರಕ್ಕೆ ತಿಂಗಳಿಗೆ ಒಂದೂವರೆ, ವರ್ಷಕ್ಕೆ ಶೇ. 18. ತನ್ನ ದುಡ್ಡು ಬಡ್ಡಿಯಿಲ್ಲದೆ ಬಾಮೈದನ ಹತ್ತಿರ ಇರುವಾಗ ತಾನು ಶೇ. 18 ಕಟ್ಟಬೇಕಾಯಿತಲ್ಲ ಅಂತ ಭಾವನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ?

ಆ ತಿಂಗಳೇ "ಎಷ್ಟು ಬಾಕಿ?" ಅನ್ನುವ ಮಾತು ಬಂದದ್ದು. ಮೇಷ್ಟ್ರ ಡೈರಿ ಪ್ರಕಾರ ಕೊಟ್ಟದ್ದು 95,000. ಭಾವನ ಪಾಸ್‌ಬುಕ್ ಪ್ರಕಾರ 75,000. ಫೋನಿನಲ್ಲೇ ದನಿ ಏರಿತು. ಎರಡು ತಿಂಗಳು ಎರಡು ಮನೆಗೂ ಮಾತಿಲ್ಲ. ಮಧ್ಯದಲ್ಲಿ ತಾಯಿ ಮಾತ್ರ ಇಬ್ಬರಿಗೂ ಫೋನ್ ಮಾಡಿ ಅಳುತ್ತಿದ್ದರು.

ಕೊನೆಗೆ ಅಕ್ಕನೇ ನನಗೆ ಫೋನ್ ಮಾಡಿ "ನೀನು ಒಂದ್ಸಲ ಕೂರಿಸಿ ಲೆಕ್ಕ ಮಾಡಿಸಪ್ಪ" ಅಂದರು. ಒಂದು ಭಾನುವಾರ ನಮ್ಮ ಮನೆಯಲ್ಲಿ ನಾಲ್ಕೂ ಜನ ಕೂತರು. ಡೈರಿ ಒಂದು ಕಡೆ, ಪಾಸ್‌ಬುಕ್ ಒಂದು ಕಡೆ ಇಟ್ಟು ಒಂದೊಂದೇ ಸಾಲು ಓದಿದೆ. ಬ್ಯಾಂಕಿನ ಮೂಲಕ ಹೋದದ್ದೆಲ್ಲಾ ಎರಡರಲ್ಲೂ ಸರಿಯಾಗಿ ಸಿಕ್ಕಿತು. ಸೆಪ್ಟೆಂಬರಿನ ಸಾಲು ಬಂದಾಗ ನಿಂತೆ. "ಅಕ್ಕನ ಕೈಗೆ 20,000" ಅಂತ ಗಟ್ಟಿಯಾಗಿ ಓದಿದೆ. ಅಕ್ಕ ಒಂದು ಗಳಿಗೆ ಸುಮ್ಮನಿದ್ದು, "ಬಾಗಿನದ ಜೊತೆ ಬಂದ ದುಡ್ಡು ಸಾಲದ್ದು ಅಂತ ನನಗೆ ಯಾರು ಹೇಳಿದ್ರು?" ಅಂದರು. ಕೈ ಕಿವಿಯ ಓಲೆ ಮೇಲೆ ಹೋಯಿತು. ಬಿಚ್ಚಲು ಹೊರಟಿದ್ದರು. ಮೇಷ್ಟ್ರೇ ಎದ್ದು ಬಂದು ತಡೆದರು. "ಬಾಗಿನ ಅಂತಲೇ ಇರಲಿ ಅಕ್ಕ" ಅಂದರು. ಅಲ್ಲಿಗೆ ಬಾಕಿ 4,25,000 ಅಂತ ಆಯಿತು.

ಆ ದಿನ ನಾನು ಅವರಿಗೆ ಇನ್ನೊಂದು ಲೆಕ್ಕ ತೋರಿಸಿದೆ. ಒಂದೂವರೆ ವರ್ಷ ಮೊದಲೇ ತೋರಿಸಬೇಕಾಗಿದ್ದ ಲೆಕ್ಕ ಅದು.

ಭಾವನ 5 ಲಕ್ಷದ ಬದಲು ಅಷ್ಟನ್ನೇ ಬ್ಯಾಂಕಿನಿಂದ ಶೇ. 9ಕ್ಕೆ 5 ವರ್ಷಕ್ಕೆ ತೆಗೆದುಕೊಂಡಿದ್ದರೆ ಕಂತು 10,379, ಒಟ್ಟು ಬಡ್ಡಿ ಸುಮಾರು 1,22,700. ಮೇಷ್ಟ್ರು ಉಳಿಸಿದೆ ಅಂದುಕೊಂಡದ್ದು ಇದನ್ನೇ. ಆದರೆ ಭಾವನ ದುಡ್ಡು ಸುಮ್ಮನೆ ಪೆಟ್ಟಿಗೆಯಲ್ಲಿ ಇರಲಿಲ್ಲ, ಶೇ. 7ಕ್ಕೆ ದುಡಿಯುತ್ತಿತ್ತು. ಮೇಷ್ಟ್ರು ಪ್ರತಿ ತಿಂಗಳು ತಪ್ಪದೆ 5 ವರ್ಷದಲ್ಲಿ ತೀರಿಸಿದ್ದರೂ, ಅದೇ ರೀತಿ ಲೆಕ್ಕ ಹಾಕಿದರೆ, ಭಾವ ಕಳೆದುಕೊಳ್ಳುವ ಬಡ್ಡಿ 94,000 ಆಗುತ್ತಿತ್ತು. ಅಂದರೆ ಎರಡೂ ಮನೆ ಸೇರಿ ನಿಜವಾಗಿ ಉಳಿಯುತ್ತಿದ್ದದ್ದು 28,700 ರೂಪಾಯಿ ಮಾತ್ರ. 5 ವರ್ಷಕ್ಕೆ ಹಂಚಿದರೆ ತಿಂಗಳಿಗೆ 480 ರೂಪಾಯಿ. ಉಳಿದ 94,000 ಉಳಿತಾಯವೇ ಅಲ್ಲ, ಅದು ಭಾವನ ಜೇಬಿನಿಂದ ಮೇಷ್ಟ್ರ ಜೇಬಿಗೆ ಬಂದ ದುಡ್ಡು. ಎಫ್‌ಡಿ ಬಡ್ಡಿಗೆ ಭಾವ ತೆರಿಗೆ ಕಟ್ಟುವವರಾಗಿದ್ದರೆ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೇ.

ಈ ಲೆಕ್ಕ ಕೇಳಿ ಮೇಷ್ಟ್ರು ತುಂಬಾ ಹೊತ್ತು ಮಾತಾಡಲಿಲ್ಲ. ಭಾವನೂ ಅದನ್ನು ಹಾಗೆ ಯೋಚಿಸಿರಲಿಲ್ಲ. ಏನೋ ಕಳೆದುಕೊಳ್ಳುತ್ತಿದ್ದೇನೆ ಅಂತ ಒಳಗೊಳಗೇ ಅನ್ನಿಸುತ್ತಿತ್ತು, ಎಷ್ಟು ಅಂತ ಗೊತ್ತಿರಲಿಲ್ಲ.

ಹಾಗಾದರೆ ಮೊದಲೇ ಏನು ಮಾಡಬೇಕಿತ್ತು? ನನ್ನ ಪ್ರಕಾರ ಎಫ್‌ಡಿಯಿಂದ 3 ಲಕ್ಷ, ಖಾತೆಯಿಂದ ಬರೀ 20,000, ಉಳಿದ 6 ಲಕ್ಷ ಬ್ಯಾಂಕಿನಿಂದ. ಕಂತು 12,455. ಭಾವನಿಗೆ ತಿಂಗಳಿಗೆ ಹದಿನೈದು ಸಾವಿರದವರೆಗೂ ಕೊಡುತ್ತೇನೆ ಅಂದವರಿಗೆ ಇದು ಹೊರೆಯಲ್ಲ. ಖಾತೆಯಲ್ಲಿ 1,30,000 ಉಳಿಯುತ್ತಿತ್ತು, ತಾಯಿಯ ಆಪರೇಷನ್ ಅದರಲ್ಲೇ ಮುಗಿಯುತ್ತಿತ್ತು. ಭಾವನ 5 ಲಕ್ಷ ಅವರ ಎಫ್‌ಡಿಯಲ್ಲೇ ಇದ್ದು ಬೋರ್‌ವೆಲ್‌ಗೆ ಬರುತ್ತಿತ್ತು. ಮುಂದೆ ಎಂದಾದರೂ ಮೇಷ್ಟ್ರಿಗೆ ನಿಜವಾಗಿ ಕಷ್ಟ ಬಂದು ಎರಡು ಕಂತಿಗೆ ಇಪ್ಪತ್ತೈದು ಸಾವಿರ ಬೇಕಾದರೆ, ಆಗ ಭಾವನನ್ನು ಧೈರ್ಯವಾಗಿ ಕೇಳಬಹುದಿತ್ತು. ಕೊಡಲೂ ಸುಲಭ, ತೀರಿಸಲೂ ಸುಲಭ.

ಬ್ಯಾಂಕ್ ಸಾಲದಲ್ಲಿ ಕಿರಿಕಿರಿ ಇಲ್ಲ ಅಂತ ನಾನು ಹೇಳುವುದಿಲ್ಲ. ಕಾರು ಸಾಲ ಹೆಚ್ಚಾಗಿ ನಿಗದಿತ ಬಡ್ಡಿಯದ್ದು. ಬೇಗ ತೀರಿಸಿದರೆ ದಂಡ ಇದೆಯಾ ಅಂತ ಸಹಿ ಹಾಕುವ ಮೊದಲೇ ಕೇಳಬೇಕು. ಸಾಲ ತೀರಿದ ಮೇಲೆ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ, ಸಹಿ ಮಾಡಿದ ಫಾರಂ 35 ತೆಗೆದುಕೊಂಡು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಎಷ್ಟೋ ಜನ ಇದನ್ನು ಮರೆತು ಕಾರು ಮಾರುವಾಗ ಒದ್ದಾಡುತ್ತಾರೆ.

ಎಲ್ಲರಿಗೂ ಬ್ಯಾಂಕ್ ಸಾಲ ಸಿಗುವುದಿಲ್ಲ, ಅದೂ ನಿಜ. ಸಂಬಳದ ಚೀಟಿ ಇಲ್ಲದವರು, ತೆರಿಗೆ ರಿಟರ್ನ್ ಸಲ್ಲಿಸದವರು, ಹಿಂದೆ ಕಂತು ತಪ್ಪಿ ಸಿಬಿಲ್ ಅಂಕ ಬಿದ್ದವರು ನೆಂಟರ ಹತ್ತಿರವೇ ಹೋಗಬೇಕಾಗುತ್ತದೆ. ಹೊರಗೆ ಶೇ. 14ಕ್ಕೋ 18ಕ್ಕೋ ತರುವ ಬದಲು ನೆಂಟರಿಗೆ ಶೇ. 8 ಕೊಟ್ಟರೆ ಇಬ್ಬರಿಗೂ ಒಳ್ಳೆಯದು. ಕೊಡುವವರಿಗೆ ಎಫ್‌ಡಿಗಿಂತ ಹೆಚ್ಚು, ತೆಗೆದುಕೊಳ್ಳುವವರಿಗೆ ಬಜಾರಿಗಿಂತ ಕಡಿಮೆ. ಬಂದ ಬಡ್ಡಿಯನ್ನು ಕೊಟ್ಟವರು ತಮ್ಮ ಆದಾಯದಲ್ಲಿ ತೋರಿಸಬೇಕು. ಸಾಲದ ದುಡ್ಡು ಖಾತೆಯಿಂದ ಖಾತೆಗೇ ಹೋಗಬೇಕು. ಸಾಲ 20,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ನಗದಾಗಿ ತೆಗೆದುಕೊಳ್ಳುವುದನ್ನೂ ತೀರಿಸುವುದನ್ನೂ ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ, ಅಕ್ಕ-ತಮ್ಮ ಅಂದರೂ ಬಿಡುವುದಿಲ್ಲ. ಅಷ್ಟೇ ಮೊತ್ತದ ದಂಡ ಬೀಳಬಹುದು. ಕಂತು ಪ್ರತಿ ತಿಂಗಳು 5ನೇ ತಾರೀಕಿಗೆ ತಾನೇ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಟ್ಟರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಹಬ್ಬದ ದುಡ್ಡು ಹಬ್ಬದ್ದು, ಸಾಲದ ದುಡ್ಡು ಸಾಲದ್ದು ಅಂತ ಎರಡೂ ಮನೆಯ ಹೆಂಗಸರಿಗೂ ಗೊತ್ತಿರಬೇಕು. ಗಂಡಸರಿಬ್ಬರೇ ಜಗಲಿಯಲ್ಲಿ ಕೂತು ಮಾತಾಡಿ ಮುಗಿಸಿದ್ದು ಈ ಪ್ರಕರಣದಲ್ಲಿ ದೊಡ್ಡ ತಪ್ಪು.

4,25,000 ಈಗ ಎಲ್ಲಿಂದ ತರುವುದು ಅನ್ನುವುದು ಮುಂದಿನ ಪ್ರಶ್ನೆ. ಮಗಳ ಎಫ್‌ಡಿ ಮುರಿಯಬೇಡಿ ಅಂದೆ. ಎಫ್‌ಡಿ ಮೇಲೆ ಸಾಮಾನ್ಯವಾಗಿ ಶೇ. 90ರವರೆಗೆ ಸಾಲ ಸಿಗುತ್ತದೆ, ಬಡ್ಡಿ ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಜಾಸ್ತಿ. ಮೇಷ್ಟ್ರಿಗೆ 2,70,000 ಶೇ. 8ಕ್ಕೆ ಸಿಕ್ಕಿತು. ಉಳಿದ 1,55,000 ನೌಕರರ ಪತ್ತಿನ ಸಂಘದಿಂದ ಶೇ. 11ಕ್ಕೆ, ಸಂಬಳದಲ್ಲೇ ಕಡಿತ. ಎರಡನ್ನೂ 3 ವರ್ಷದಲ್ಲಿ ತೀರಿಸುವ ಹಾಗೆ ಇಟ್ಟುಕೊಂಡರು. ಕಾರಿನ ಮೇಲೆ ಸಾಲ ತೆಗೆಯಬಹುದಿತ್ತು, ಆದರೆ ಒಂದೂವರೆ ವರ್ಷದ ಗಾಡಿಗೆ ಹೊಸ ಕಾರಿನ ಬಡ್ಡಿ ದರ ಸಿಗುವುದಿಲ್ಲ. ಎರಡೂ ಕಂತು ಸೇರಿ ತಿಂಗಳಿಗೆ 13,535. ಮೊದಲ ದಿನ ಬೇಡ ಅಂದಿದ್ದ ಬ್ಯಾಂಕ್ ಕಂತು 14,531.

ಜೂನ್ ಮೊದಲ ವಾರ ಭಾವನ ಖಾತೆಗೆ 4,25,000 ಹೋಯಿತು. ಅವತ್ತೇ ಅವರು ಮಂಡಿಯ ಸಾಲ ತೀರಿಸಿದರು. ಅಕ್ಕ-ತಮ್ಮ ಮಾತಾಡುತ್ತಿದ್ದಾರೆ. ಮೇಷ್ಟ್ರ ಹೆಂಡತಿ ಮಾತ್ರ ತೀರ್ಥಹಳ್ಳಿಗೆ ಹೋಗುವಾಗ ಇನ್ನೂ ಬಸ್ಸಿನಲ್ಲೇ ಹೋಗೋಣ ಅನ್ನುತ್ತಾರೆ.

ಒಂದು ವಿಷಯ ಇನ್ನೂ ಬಾಕಿ ಇದೆ. ಮಂಡಿಯ 4 ಲಕ್ಷಕ್ಕೆ ಮೂರು ತಿಂಗಳ ಬಡ್ಡಿ 18,000 ಭಾವ ಕೈಯಿಂದ ಕಟ್ಟಿದ್ದಾರೆ. ಅದನ್ನು ತಾನು ಕೊಡುತ್ತೇನೆ ಅಂತ ಮೇಷ್ಟ್ರು ಎರಡು ಸಲ ಹೇಳಿದ್ದಾರೆ. ಬೇಡ ಅಂತ ಭಾವ ಎರಡು ಸಲವೂ ಹೇಳಿದ್ದಾರೆ. ಅಕ್ಕ ನನಗೆ ಫೋನ್ ಮಾಡಿ, "ಅವರು ಬೇಡ ಅಂತಾರೆ, ಆದ್ರೆ ಖಾತೆಗೆ ಹಾಕಿಬಿಡೋಕೆ ಹೇಳು" ಅಂದಿದ್ದಾರೆ. ಹೇಳಿದ್ದೇನೆ. ಸಾಲದ ಬಾಬ್ತು ಅಂತ ಬರೆದೇ ಹಾಕು ಅಂತಲೂ ಹೇಳಿದ್ದೇನೆ.